ವಿತ್‌ಡ್ರಾ ರಿಜೆಕ್ಟ್ ಆಗ್ತಿದೆಯಾ? ಮೊದಲು ಹೆಸರು ಹೋಲಿಸಿ ನೋಡಿ

2025ರ ಆಗಸ್ಟ್ 22ರಂದು, ದುಡ್ಡಿನ ಆಟಗಳನ್ನು ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ದುಡ್ಡು ಕಟ್ಟಿ ಆಡುವ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಆಟಗಳನ್ನು ದೇಶದ ದೊಡ್ಡ ಕಂಪನಿಗಳು ನಿಲ್ಲಿಸಿದವು. ವಾಲೆಟ್‌ನಲ್ಲಿ ಉಳಿದ ಹಣವನ್ನು ವಾಪಸ್ ತೆಗೆದುಕೊಳ್ಳಿ ಎಂದವು. ವರ್ಷಗಟ್ಟಲೆ ವಿತ್‌ಡ್ರಾ ಗುಂಡಿಯನ್ನೇ ಒತ್ತದವರು ಮೊದಲ ಸಲ ಒತ್ತಿ ನೋಡಿದ್ದು ಆಗಲೇ. ತುಂಬಾ ಜನರಿಗೆ ಹಣ ಬರಲಿಲ್ಲ, `Name mismatch` ಎಂಬ ಒಂದು ಸಾಲು ಬಂತು.

ನಾನು ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಪ್ಯಾನ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಎನ್ನುವುದು ನನಗೆ ದಿನನಿತ್ಯದ ಗೋಳು. ನಮ್ಮ ಕಡೆಯ ಹೆಸರುಗಳಿಗೆ ಈ ತೊಂದರೆ ಜಾಸ್ತಿ. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ಒಂದು ಕಡೆ ಅವು ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಪೂರ್ತಿ ಬಿಡಿಸಿ ಬರೆದಿರುತ್ತವೆ. ಮನುಷ್ಯರು ನೋಡಿದರೆ ಒಬ್ಬರೇ ಎಂದು ತಕ್ಷಣ ಗೊತ್ತಾಗುತ್ತದೆ. ಹೆಸರು ಹೋಲಿಸುವ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ.

ಇಲ್ಲಿ ಬರೆದಿರುವುದು ಹಾಗೆ ಸಿಕ್ಕಿಬಿದ್ದ ಹಣವನ್ನು ಬಿಡಿಸಿಕೊಳ್ಳುವ ದಾರಿ. ಹೊಸದಾಗಿ ಆಡಲು ಹೊರಟವರಿಗೆ ಇದು ಬೇಡ.

ಹಣ ಎಲ್ಲಿ ನಿಂತಿದೆ?

ರಿಜೆಕ್ಟ್ ಆಯಿತು ಎಂದರೆ ಎರಡರಲ್ಲಿ ಒಂದು ಆಗಿರುತ್ತದೆ. ಹಣ ಕಂಪನಿಯಿಂದ ಹೊರಗೇ ಬಂದಿಲ್ಲ. ಇಲ್ಲವೇ ಹೊರಟು, ನಿಮ್ಮ ಬ್ಯಾಂಕಿನವರೆಗೂ ಹೋಗಿ, ವಾಪಸ್ ಬಂದಿದೆ. ಇದನ್ನು ಮೊದಲು ತಿಳಿದುಕೊಳ್ಳಬೇಕು. ಯಾಕೆಂದರೆ ಹೆಸರಿನ ತಕರಾರು ಹೆಚ್ಚಾಗಿ ಮೊದಲನೆಯ ಥರದ್ದು.

ಇದಕ್ಕೆ ಕಾರಣ ಇದೆ. ನಮ್ಮ ದೇಶದಲ್ಲಿ ನೆಫ್ಟ್, ಆರ್‌ಟಿಜಿಎಸ್ ಥರದ ಪಾವತಿಗಳಲ್ಲಿ ಹಣ ಪಡೆಯುವ ಬ್ಯಾಂಕ್ ಖಾತೆ ಸಂಖ್ಯೆ ನೋಡಿ ಜಮಾ ಮಾಡುತ್ತದೆ. 2010ರಿಂದಲೇ ರಿಸರ್ವ್ ಬ್ಯಾಂಕ್ ಇದಕ್ಕೆ ಅವಕಾಶ ಕೊಟ್ಟಿದೆ. ಹೆಸರು ಚೂರು ಆಚೀಚೆ ಇದ್ದರೂ ಸಂಖ್ಯೆ ಸರಿ ಇದ್ದರೆ ಹಣ ಬಂದು ಬೀಳುತ್ತದೆ. ಹಾಗಾಗಿ "ಹೆಸರು ಸರಿ ಇಲ್ಲ ಅಂತ ಬ್ಯಾಂಕ್ ವಾಪಸ್ ಕಳಿಸಿದೆ" ಎಂದು ಯಾರಾದರೂ ಹೇಳಿದರೆ ಹಾಗೇ ನಂಬಬೇಡಿ. ಸಾಮಾನ್ಯವಾಗಿ ಹೆಸರನ್ನು ತಾಳೆ ನೋಡಿ ತಡೆಯುವುದು ಗೇಮಿಂಗ್ ಕಂಪನಿ, ಅಥವಾ ಅದರ ಪರವಾಗಿ ಹಣ ಕಳಿಸುವ ಪೇಮೆಂಟ್ ಕಂಪನಿ.

ಗುರುತಿಸುವುದು ಸುಲಭ. ಆ್ಯಪ್‌ನ ವಹಿವಾಟು ಪಟ್ಟಿಯಲ್ಲಿ ರಿಜೆಕ್ಟ್ ಆದ ವಿತ್‌ಡ್ರಾ ತೆರೆಯಿರಿ. ಅಲ್ಲಿ `UTR` ಅಥವಾ `RRN` ಎಂದು ಒಂದು ಸಂಖ್ಯೆ ಇದೆಯಾ ನೋಡಿ. ಐಎಂಪಿಎಸ್, ಯುಪಿಐ ಆಗಿದ್ದರೆ ಅದು 12 ಅಂಕಿಯದ್ದು. ಸಂಖ್ಯೆ ಇದ್ದರೆ ಹಣ ಒಮ್ಮೆ ಹೊರಟಿದೆ ಎಂದರ್ಥ. ಆಗ ಹೆಸರಿಗಿಂತ ಬೇರೆ ಕಾರಣ ಹುಡುಕಬೇಕು. ಖಾತೆ ಮುಚ್ಚಿರಬಹುದು, ಫ್ರೀಜ್ ಆಗಿರಬಹುದು, ಐಎಫ್‌ಎಸ್‌ಸಿ ಹಳೆಯದಾಗಿರಬಹುದು. ಸಂಖ್ಯೆಯೇ ಇಲ್ಲದೆ ಕೆಲವೇ ನಿಮಿಷದಲ್ಲಿ ರಿಜೆಕ್ಟ್ ಆಗಿದ್ದರೆ, ಅಥವಾ ಬ್ಯಾಂಕ್ ಖಾತೆ ಸೇರಿಸುವಾಗಲೇ ತಕರಾರು ಬಂದಿದ್ದರೆ, ಹೆಸರಿನ ಮೇಲೆ ಅನುಮಾನ ಪಡಿ.

ಐಎಫ್‌ಎಸ್‌ಸಿ ವಿಚಾರ ನಮ್ಮ ರಾಜ್ಯದವರು ಮರೆಯಬಾರದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಮಾರನೇ ವರ್ಷ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದವು. ಹಳೇ ಪಾಸ್‌ಬುಕ್ ನೋಡಿ `SYNB`, `CORP`, `VIJB`, `SBMY` ಎಂದು ಶುರುವಾಗುವ ಕೋಡ್ ಹಾಕಿದ್ದರೆ ಅದು ಈಗ ನಡೆಯುವುದಿಲ್ಲ. ಕೆಲವು ಆ್ಯಪ್‌ಗಳು ಇದಕ್ಕೂ "ವಿವರ ತಾಳೆಯಾಗುತ್ತಿಲ್ಲ" ಎಂಬ ಒಂದೇ ಮಾತು ತೋರಿಸುತ್ತವೆ. ಹೆಸರು ಸರಿಪಡಿಸಲು ಓಡಾಡುವ ಮೊದಲು ಇದೊಂದು ನೋಡಿಬಿಡಿ.

ಕಂಪನಿ ಹೆಸರನ್ನು ಹೇಗೆ ನೋಡುತ್ತದೆ?

ನೀವು ಬ್ಯಾಂಕ್ ಖಾತೆ ಸೇರಿಸಿದಾಗ ಖಾತೆಗೆ ಒಂದು ರೂಪಾಯಿ ಬಂದು ಬಿದ್ದಿದ್ದು ನೆನಪಿದೆಯಾ? ಅದನ್ನು ಪೆನ್ನಿ ಡ್ರಾಪ್ ಎನ್ನುತ್ತಾರೆ. ಐಎಂಪಿಎಸ್ ಮೂಲಕ ಒಂದು ರೂಪಾಯಿ ಕಳಿಸಿದಾಗ ನಿಮ್ಮ ಬ್ಯಾಂಕ್ "ಜಮಾ ಆಯಿತು" ಎನ್ನುವುದರ ಜೊತೆಗೆ ಖಾತೆದಾರರ ಹೆಸರನ್ನೂ ವಾಪಸ್ ಹೇಳುತ್ತದೆ. ಕಂಪನಿಗೆ ಬೇಕಾಗಿದ್ದು ಆ ಹೆಸರು. ನೀವು ಆ್ಯಪ್‌ನಲ್ಲಿ ಟೈಪ್ ಮಾಡಿದ ಹೆಸರಿಗೆ ಇಲ್ಲಿ ಬೆಲೆ ಇಲ್ಲ. ಚೆಕ್ ಪುಸ್ತಕದ ಮೇಲಿನ ಹೆಸರಿಗೂ ಇಲ್ಲ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಏನಿದೆಯೋ ಅದೇ ಬರುತ್ತದೆ.

ಆ ಹೆಸರನ್ನು ಕಂಪನಿ ನಿಮ್ಮ ಪ್ಯಾನ್ ಹೆಸರಿನ ಜೊತೆ ಹೋಲಿಸುತ್ತದೆ. ಪ್ಯಾನೇ ಯಾಕೆ? ತೆರಿಗೆಗಾಗಿ. 2023ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆಯಲ್ಲಿ 194BA ಎಂಬ ಸೆಕ್ಷನ್ ಬಂತು. ಆನ್‌ಲೈನ್ ಆಟದಲ್ಲಿ ಗೆದ್ದ ನಿವ್ವಳ ಹಣದ ಮೇಲೆ ಶೇಕಡಾ 30 ಟಿಡಿಎಸ್ ಹಿಡಿಯಬೇಕು ಎಂದಿತು ಅದು. ಹಿಡಿದ ತೆರಿಗೆ ಒಂದು ಪ್ಯಾನ್ ಹೆಸರಿಗೆ ಹೋಗುತ್ತದೆ. ಹಣ ಬೇರೊಬ್ಬರ ಖಾತೆಗೆ ಹೋದರೆ, ಗೆದ್ದವರು ಒಬ್ಬರು, ಪಡೆದವರು ಇನ್ನೊಬ್ಬರು ಎಂದಾಗುತ್ತದೆ. ಅಕ್ರಮ ಹಣ ಸಾಗಿಸುವವರು ಮಾಡುವುದೂ ಇದನ್ನೇ. ಆದ್ದರಿಂದ ನೆಟ್ಟಗೆ ನಡೆಯುವ ಯಾವ ಕಂಪನಿಯೂ ಇದರಲ್ಲಿ ಸಡಿಲ ಬಿಡುವುದಿಲ್ಲ. ಬಿಡಬಾರದು ಕೂಡ.

ಹೋಲಿಕೆ ಮಾಡುವುದು ಯಂತ್ರ. ಎರಡು ಹೆಸರುಗಳಿಗೆ ಎಷ್ಟು ಹೋಲಿಕೆ ಇದೆ ಎಂದು ಅಂಕ ಹಾಕುತ್ತದೆ. ಅಂಕ ಕಂಪನಿ ಇಟ್ಟುಕೊಂಡ ಗಡಿಗಿಂತ ಮೇಲಿದ್ದರೆ ಪಾಸ್. ಕೆಳಗಿದ್ದರೆ ರಿಜೆಕ್ಟ್, ಇಲ್ಲವೇ ಮನುಷ್ಯರ ಪರಿಶೀಲನೆಗೆ ಹೋಗುತ್ತದೆ. ಗಡಿ ಎಷ್ಟು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಬ್ಯಾಂಕ್ ಖಾತೆ ಒಂದು ಆ್ಯಪ್‌ನಲ್ಲಿ ಪಾಸಾಗಿ ಇನ್ನೊಂದರಲ್ಲಿ ಬಿದ್ದುಹೋಗುವುದು ಇದೇ ಕಾರಣಕ್ಕೆ.

ಒಂದು ಹೆಸರನ್ನು ಬಿಡಿಸಿ ನೋಡೋಣ

ಉದಾಹರಣೆಗೆ ಕಡೂರು ಕಡೆಯ ಒಂದು ಹೆಸರು ಇಟ್ಟುಕೊಳ್ಳೋಣ. ಸುಮ್ನೆ ಕಟ್ಟಿದ ಹೆಸರು, ಆದರೆ ಇಂಥವು ಮನೆಮನೆಯಲ್ಲಿ ಇವೆ. ಹೆಸರು ಮಂಜುನಾಥ, ಅಪ್ಪ ಶಿವಣ್ಣ, ಊರು ಕಡೂರು. ವಾಲೆಟ್‌ನಲ್ಲಿ ₹8,400 ಇದೆ. ದಾಖಲೆಗಳಲ್ಲಿ ಹೆಸರು ಹೀಗಿದೆ:

```
PAN card (print) : MANJUNATHA K S
PAN database     : KADUR SHIVANNA MANJUNATHA
Aadhaar          : Manjunatha K S
Bank             : K.S.MANJUNATH
```

ಮೊದಲ ಎರಡು ಸಾಲು ನೋಡಿ. ಎರಡೂ ಒಂದೇ ಪ್ಯಾನ್. ಆದರೂ ಬೇರೆ ಬೇರೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಪ್ಯಾನ್ ಅರ್ಜಿಯಲ್ಲಿ, ಅಂದರೆ ಫಾರ್ಮ್ 49Aಯಲ್ಲಿ, ಹೆಸರನ್ನು ಇನಿಷಿಯಲ್ ಇಲ್ಲದೆ ಪೂರ್ತಿ ಬಿಡಿಸಿ ಬರೆಯಬೇಕಿತ್ತು. ಅದರ ಕೆಳಗೇ ಕಾರ್ಡಿನ ಮೇಲೆ ಹೆಸರು ಹೇಗೆ ಅಚ್ಚಾಗಬೇಕು ಎಂದು ಕೇಳುವ ಇನ್ನೊಂದು ಜಾಗವೂ ಇತ್ತು. ಅಲ್ಲಿ ಚಿಕ್ಕದಾಗಿ ಬರೆದರೆ ಕಾರ್ಡಿನಲ್ಲಿ ಚಿಕ್ಕ ಹೆಸರು, ಇಲಾಖೆಯ ಕಂಪ್ಯೂಟರಿನಲ್ಲಿ ಉದ್ದ ಹೆಸರು. ಕಂಪನಿ ಪ್ಯಾನ್ ಸಂಖ್ಯೆ ಹಾಕಿ ತಾಳೆ ನೋಡಿದಾಗ ಸಿಗುವುದು ಉದ್ದ ಹೆಸರು. ನೀವು ಕಾರ್ಡ್ ಹಿಡಿದುಕೊಂಡು "ಎರಡೂ ಕಡೆ ಕೆ. ಎಸ್. ಅಂತಲೇ ಇದೆಯಲ್ಲ" ಎಂದು ವಾದ ಮಾಡಿದರೆ ಗ್ರಾಹಕ ಸೇವೆಯವರಿಗೆ ಅರ್ಥವಾಗದೇ ಇರುವುದು ಇದಕ್ಕೇ.

ಈಗ ಬ್ಯಾಂಕಿನ ಸಾಲು. ಇದರಲ್ಲಿ ಮೂರು ತೊಂದರೆ ಇವೆ. ಇನಿಷಿಯಲ್ ಬಿಡಿಸಿಲ್ಲ. ಕೊನೆಯ `A` ಇಲ್ಲ. ಮತ್ತೆ ಚುಕ್ಕಿಯ ನಂತರ ಜಾಗ ಬಿಟ್ಟಿಲ್ಲ. ಈ ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ, ಆದರೆ ಹೆಚ್ಚು ಕೆಲಸ ಕೆಡಿಸುವುದು ಅದೇ. ಹೋಲಿಸುವ ಮೊದಲು ಕೆಲವು ಸಾಫ್ಟ್‌ವೇರ್‌ಗಳು ಚುಕ್ಕಿ ತೆಗೆದುಹಾಕುತ್ತವೆ. ಚುಕ್ಕಿ ಹೋದರೆ ಉಳಿಯುವುದು `KSMANJUNATH`. ಮೂರು ಪದ ಇದ್ದದ್ದು ಅಂಟಿಕೊಂಡು ಒಂದೇ ಪದ ಆಯಿತು.

ಲೆಕ್ಕ ಹಾಕಿ ನೋಡೋಣ. ಸರಳ ವಿಧಾನ ಎಂದರೆ ಒಂದು ಹೆಸರನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವುದು. ಪ್ಯಾನ್ ಹೆಸರಿನಲ್ಲಿ ನಡುವಿನ ಜಾಗವೂ ಸೇರಿ 25 ಅಕ್ಷರ. `KSMANJUNATH`ನಲ್ಲಿ 11. ಇದಕ್ಕೆ 14 ಅಕ್ಷರ ಸೇರಿಸಿದರೆ ಅದಾಗುತ್ತದೆ. 25ರಲ್ಲಿ 14 ಹೋದರೆ ಉಳಿದ ಹೋಲಿಕೆ ಶೇಕಡಾ 44. ಚುಕ್ಕಿಯ ಜಾಗದಲ್ಲಿ ಖಾಲಿ ಜಾಗ ಇಟ್ಟು `K S MANJUNATH` ಮಾಡಿದರೂ ಶೇಕಡಾ 52 ಅಷ್ಟೇ. ಇನ್ನು ಪದಗಳನ್ನು ಬಿಡಿಸಿ ಹೋಲಿಸುವ ಜಾಣ ಸಾಫ್ಟ್‌ವೇರ್ ಇದ್ದರೆ `K`ಗೆ `KADUR`, `S`ಗೆ `SHIVANNA` ಎಂದು ಹೊಂದಿಸಿಕೊಳ್ಳುತ್ತದೆ. `MANJUNATH`, `MANJUNATHA` ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಅದನ್ನೂ ಬಿಟ್ಟುಕೊಡುತ್ತದೆ. ಆಗ ಇದೇ ಹೆಸರು ಪಾಸಾಗಬಹುದು. ಆದರೆ ಪದಗಳು ಅಂಟಿಕೊಂಡಿದ್ದರೆ ಆ ಜಾಣತನವೂ ಉಪಯೋಗಕ್ಕೆ ಬರುವುದಿಲ್ಲ.

ಅಂದರೆ ಚಿಕ್ಕಪುಟ್ಟ ಅಕ್ಷರ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ವಿತ್‌ಡ್ರಾ ನಿಲ್ಲುವುದಿಲ್ಲ. `Lakshmi` ಬದಲು `Laxmi`, `Gowda` ಬದಲು `Gouda`, `Shwetha` ಬದಲು `Shweta` ಇದ್ದದ್ದಕ್ಕೇ ನಿಂತಿತು ಎಂದು ತೀರ್ಮಾನಿಸಬೇಡಿ. ಹೆಚ್ಚಾಗಿ ಅದರ ಜೊತೆಗೆ ಇನಿಷಿಯಲ್ ತೊಂದರೆಯೂ ಇರುತ್ತದೆ.

ನಿಮ್ಮ ಹೆಸರು ಎಲ್ಲೆಲ್ಲಿ ಹೇಗಿದೆ ಎಂದು ನೋಡುವುದು

ಬ್ಯಾಂಕಿಗೆ ಹೋಗದೆ, ಹಣ ಖರ್ಚು ಮಾಡದೆ ಇದನ್ನು ನೋಡಬಹುದು. ಬ್ಯಾಂಕಿನ ಹೆಸರಿಗೆ ಯುಪಿಐ ಒಳ್ಳೆಯ ದಾರಿ. ಮನೆಯವರ ಫೋನ್ ತೆಗೆದುಕೊಳ್ಳಿ. ಅವರ ಯುಪಿಐ ಆ್ಯಪ್‌ನಲ್ಲಿ ನಿಮ್ಮ ಯುಪಿಐ ಐಡಿ ಹಾಕಿ. ಪಿನ್ ಒತ್ತುವ ಮೊದಲೇ ಹೆಸರು ಬರುತ್ತದೆ. ಮೊದಲೆಲ್ಲ ನಾವೇ ಇಟ್ಟುಕೊಂಡ ಹೆಸರು, ಫೋನಿನಲ್ಲಿ ಸೇವ್ ಆದ ಹೆಸರು ಬರುತ್ತಿತ್ತು. ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಆದೇಶದಂತೆ 2025ರ ಜೂನ್ 30ರೊಳಗೆ ಎಲ್ಲ ಆ್ಯಪ್‌ಗಳೂ ಪಾವತಿಗೆ ಮುಂಚೆ ಬ್ಯಾಂಕಿನಲ್ಲಿರುವ ಹೆಸರನ್ನೇ ತೋರಿಸಬೇಕಿತ್ತು. ಹಾಗಾಗಿ ಈಗ ಅದನ್ನು ನಂಬಬಹುದು. ಸ್ಕ್ರೀನ್‌ಶಾಟ್ ತೆಗೆದುಕೊಂಡು, ಪಾವತಿ ಮಾಡದೆ ಹಿಂದೆ ಬನ್ನಿ.

ಯುಪಿಐ ಇಲ್ಲದವರಿಗೆ ಇನ್ನೊಂದು ದಾರಿ ಇದೆ. 2025ರ ಏಪ್ರಿಲ್ 1ರೊಳಗೆ ನೆಫ್ಟ್, ಆರ್‌ಟಿಜಿಎಸ್ ಕಳಿಸುವವರಿಗೂ ಎದುರಿನ ಖಾತೆಯ ಹೆಸರು ತೋರಿಸಬೇಕು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಮನೆಯವರ ನೆಟ್ ಬ್ಯಾಂಕಿಂಗ್‌ನಲ್ಲಿ ನಿಮ್ಮ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಹಾಕಿದರೆ ಹೆಸರು ಬರುತ್ತದೆ. ಇದಕ್ಕೆ ಶುಲ್ಕ ಇಲ್ಲ.

ಬಂದ ಹೆಸರನ್ನು ಅಕ್ಷರ ಬಿಡದೆ ಬರೆದಿಟ್ಟುಕೊಳ್ಳಿ. ಚುಕ್ಕಿ, ಜಾಗ, `SMT`, `MR` ಎಲ್ಲವನ್ನೂ. ಹಳೇ ಖಾತೆಗಳಲ್ಲಿ `S/O` ಎಂದು ಅಪ್ಪನ ಹೆಸರೂ ಖಾತೆದಾರರ ಹೆಸರಿನ ಜಾಗದಲ್ಲೇ ಕೂತಿರುವುದುಂಟು.

ಪ್ಯಾನ್ ಹೆಸರಿಗೆ ಆದಾಯ ತೆರಿಗೆ ಪೋರ್ಟಲ್ `incometax.gov.in` ಇದೆ. ಲಾಗಿನ್ ಆಗಿ ಪ್ರೊಫೈಲ್ ತೆರೆದರೆ ಇಲಾಖೆಯಲ್ಲಿರುವ ಪೂರ್ತಿ ಹೆಸರು ಕಾಣುತ್ತದೆ. ನಿಮ್ಮ ಪ್ಯಾನ್ ಹೆಸರಿಗೆ ಹಿಡಿದ ತೆರಿಗೆಯ ಪಟ್ಟಿಯಾದ 26AS ತೆರೆದರೆ ಅದರ ತಲೆಯಲ್ಲೂ ಅದೇ ಹೆಸರು. ಲಾಗಿನ್ ಇಲ್ಲದವರು ಅದೇ ಪೋರ್ಟಲ್‌ನ `Verify PAN Status` ಬಳಸಬಹುದು. ಅಲ್ಲಿ ಹೆಸರನ್ನು ನೀವೇ ಹಾಕಬೇಕು, ಸರಿ ಇದೆಯೋ ಇಲ್ಲವೋ ಎಂದು ಅದು ಹೇಳುತ್ತದೆ. ಆಧಾರ್ ನಿಮ್ಮ ಕೈಯಲ್ಲೇ ಇದೆ.

ಮೂರೂ ಹೆಸರನ್ನು ಒಂದರ ಕೆಳಗೆ ಒಂದು ಬರೆಯಿರಿ, ಮೇಲೆ ನಾನು ಬರೆದ ಹಾಗೆ. ದೋಷ ಎಲ್ಲಿದೆ ಎಂದು ಅರ್ಧಕ್ಕರ್ಧ ಅಲ್ಲೇ ಗೊತ್ತಾಗುತ್ತದೆ.

ಹೆಸರೇ ಬೇರೆಯವರದ್ದು ಬಂದರೆ

ನೋಡಿದಾಗ ನಿಮ್ಮ ಹೆಸರಿನ ಬದಲು ಅಪ್ಪನದೋ ಗಂಡನದೋ ಹೆಸರು ಬಂತು ಎಂದುಕೊಳ್ಳಿ. ಆಗ ಅದು ಜಾಯಿಂಟ್ ಖಾತೆ ಇರಬಹುದು. ಜಾಯಿಂಟ್ ಖಾತೆಯಲ್ಲಿ ಸಾಮಾನ್ಯವಾಗಿ ವಾಪಸ್ ಬರುವುದು ಮೊದಲ ಖಾತೆದಾರರ ಹೆಸರು. ನೀವು ಎರಡನೆಯವರಾಗಿದ್ದರೆ ಖಾತೆ ನಿಮ್ಮದೂ ಹೌದು, ಆದರೆ ಯಂತ್ರಕ್ಕೆ ನೀವು ಕಾಣುವುದೇ ಇಲ್ಲ. ಇಲ್ಲಿ ಹೆಸರು ತಿದ್ದಿಸಿ ಪ್ರಯೋಜನ ಇಲ್ಲ. ನೀವೊಬ್ಬರೇ ಇರುವ, ಅಥವಾ ನೀವು ಮೊದಲಿರುವ ಖಾತೆ ಕೊಡಿ.

ಇನ್ನೊಂದು ಕಷ್ಟದ ಸಂಗತಿ. ಆ್ಯಪ್‌ನಲ್ಲಿ ಕೊಟ್ಟ ಪ್ಯಾನೇ ಅಣ್ಣನದ್ದು ಅಥವಾ ಹೆಂಡತಿಯದ್ದು, ಹಣ ಬೇಕಾಗಿರುವುದು ನಿಮ್ಮ ಖಾತೆಗೆ. ಇದು ಹೆಸರಿನ ವ್ಯತ್ಯಾಸವೇ ಅಲ್ಲ, ಮನುಷ್ಯರೇ ಬೇರೆ. ಇದಕ್ಕೆ ಅಫಿಡವಿಟ್ ಇಲ್ಲ, ಅಡ್ಡದಾರಿಯೂ ಇಲ್ಲ. ಪ್ಯಾನ್ ಯಾರದೋ ಅವರ ಬ್ಯಾಂಕ್ ಖಾತೆಗೇ ಹಣ ಹೋಗಬೇಕು. ತೆರಿಗೆಯೂ ಅವರ 26ASನಲ್ಲಿ ಕಾಣುತ್ತದೆ, ಅವರ ರಿಟರ್ನ್‌ನಲ್ಲಿ ಆ ಆದಾಯ ತೋರಿಸಬೇಕು. ಪಾಸ್‌ಬುಕ್ಕಿನ ಫೋಟೋದಲ್ಲಿ ಹೆಸರು ಬದಲಿಸಿ ಕಳಿಸಿದರೆ ಅದು ನಕಲಿ ದಾಖಲೆ. ಪೆನ್ನಿ ಡ್ರಾಪ್‌ನಲ್ಲಿ ನಿಜವಾದ ಹೆಸರು ಹೇಗೂ ಬಂದೇ ಬರುತ್ತದೆ. ಆಮೇಲೆ ವಾಲೆಟ್ ಪೂರ್ತಿ ಲಾಕ್ ಆದರೆ ಬಿಡಿಸುವುದು ಕಷ್ಟ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಯಾವುದನ್ನು ತಿದ್ದಿಸಬೇಕು?

ಮೂರರಲ್ಲಿ ಪ್ಯಾನ್ ಹೆಸರು ಪೂರ್ತಿ ಸರಿ ಇದ್ದರೆ ಅದನ್ನು ಮುಟ್ಟಬೇಡಿ. ತಿದ್ದಬೇಕಾಗಿರುವುದು ಬ್ಯಾಂಕಿನಲ್ಲಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ ಇರುವುದು. ಆಟದ ಹಣಕ್ಕಾಗಿ ಅವಸರದಲ್ಲಿ ಒಂದನ್ನು ಕಳೆದುಕೊಳ್ಳಬೇಡಿ.

ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾಗಿದ್ದು ನಿಮ್ಮ ಬೇರೆ ಖಾತೆಗಳನ್ನು. ಸಂಬಳದ ಖಾತೆ, ಇತ್ತೀಚೆಗೆ ತೆರೆದ ಖಾತೆ ಇದ್ದರೆ ಅದರ ಹೆಸರು ಯುಪಿಐನಲ್ಲಿ ನೋಡಿ. ಪ್ಯಾನ್ ಹೆಸರಿಗೆ ಹೊಂದುತ್ತಿದ್ದರೆ ಆ ಖಾತೆ ಸೇರಿಸಿದರೆ ಕೆಲಸ ಮುಗಿಯಿತು. ಹೊಸ ಖಾತೆಯನ್ನೇ ತೆರೆಯುವವರು ಒಂದು ಮಾತು ತಿಳಿದಿರಲಿ. ಫೋನಿನಲ್ಲಿ ಆಧಾರ್ ಓಟಿಪಿ ಕೊಟ್ಟು ತೆರೆದರೆ ಖಾತೆಗೆ ಆಧಾರ್‌ನ ಹೆಸರು ಬಂದು ಕೂರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು `MANJUNATHA K S`. ಪ್ಯಾನ್ ಹೆಸರಿಗೆ ಅದೂ ಪೂರ್ತಿ ಹೊಂದುವುದಿಲ್ಲ. ಆಧಾರ್, ಪ್ಯಾನ್ ಎರಡೂ ಒಂದೇ ಥರ ಇದ್ದರೆ ಮಾತ್ರ ಹೊಸ ಖಾತೆಯ ಉಪಾಯ ನಡೆಯುತ್ತದೆ.

ಇರುವ ಖಾತೆಯಲ್ಲೇ ತಿದ್ದಿಸಬೇಕು ಎಂದಾದರೆ ನಿಮ್ಮ ಹೋಮ್ ಬ್ರಾಂಚ್‌ಗೆ ಹೋಗಿ. ಪ್ಯಾನ್, ಆಧಾರ್, ಪಾಸ್‌ಬುಕ್ ಮೂಲ ಪ್ರತಿ ಒಯ್ಯಿರಿ. "ಕೆವೈಸಿ ಅಪ್‌ಡೇಟ್ ಮಾಡಿ" ಎಂದಷ್ಟೇ ಹೇಳಿದರೆ ವಿಳಾಸ, ಫೋನ್ ನಂಬರ್ ನವೀಕರಿಸಿ ಕಳಿಸಿಬಿಡುವುದುಂಟು. "ಖಾತೆದಾರರ ಹೆಸರು ಪ್ಯಾನ್ ಪ್ರಕಾರ ಹೀಗೆ ಬರಬೇಕು" ಎಂದು ಅರ್ಜಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೊಡಿ. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಬ್ಯಾಂಕಿನವರು ಅಫಿಡವಿಟ್ ಕೇಳಬಹುದು. "ಈ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ" ಎಂದು ಇ-ಸ್ಟ್ಯಾಂಪ್ ಕಾಗದದಲ್ಲಿ ಟೈಪ್ ಮಾಡಿಸಿ ನೋಟರಿ ಮಾಡಿಸುವುದು. ಅದರಲ್ಲಿ ಎರಡು ಹೆಸರಿನ ಅಕ್ಷರಗಳೂ ದಾಖಲೆಯಲ್ಲಿ ಇದ್ದಂತೆಯೇ ಇರಬೇಕು. ಟೈಪಿಸ್ಟ್ ತನಗೆ ತೋಚಿದ ಹಾಗೆ ಬರೆದರೆ ಮೂರನೇ ಹೆಸರೊಂದು ಹುಟ್ಟಿಕೊಳ್ಳುತ್ತದೆ.

ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡವರದ್ದು ಸ್ವಲ್ಪ ಬೇರೆ. ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರೇ ಇದೆ ಎಂದಾದರೆ, ಮುಂದೆ ಯಾವ ಹೆಸರು ಇಟ್ಟುಕೊಳ್ಳುತ್ತೀರಿ ಎಂದು ಮೊದಲು ನಿರ್ಧರಿಸಿ. ಮದುವೆ ನೋಂದಣಿ ಪತ್ರ ಇದ್ದರೆ ಪ್ಯಾನ್ ತಿದ್ದುಪಡಿ ಕಷ್ಟವಲ್ಲ. ಪ್ಯಾನ್ ಅರ್ಜಿ ತೆಗೆದುಕೊಳ್ಳುವ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಪೋರ್ಟಲ್‌ನಲ್ಲಿ ಮಾಡಬಹುದು.

ಬ್ಯಾಂಕಿನಲ್ಲಿ ಹೆಸರು ಬದಲಾದ ಮೇಲೆ ಪಾಸ್‌ಬುಕ್ ಹೊಸದು ಬಂತು ಎಂದು ನೇರ ವಿತ್‌ಡ್ರಾ ಒತ್ತಬೇಡಿ. ಯುಪಿಐನಲ್ಲಿ ಇನ್ನೊಮ್ಮೆ ನೋಡಿ. ಹೊಸ ಹೆಸರು ಅಲ್ಲಿ ಬಂದ ಮೇಲೆ ಮುಂದಿನ ಹೆಜ್ಜೆ. ಆ್ಯಪ್‌ನಲ್ಲಿ ಹಳೇ ಬ್ಯಾಂಕ್ ಖಾತೆಯನ್ನು ತೆಗೆದು, ಅದೇ ಖಾತೆಯನ್ನು ಮತ್ತೆ ಸೇರಿಸಿ. ಆಗ ಮಾತ್ರ ಹೊಸದಾಗಿ ಪರಿಶೀಲನೆ ನಡೆಯುತ್ತದೆ. ಇಲ್ಲದಿದ್ದರೆ ಆ್ಯಪ್ ಹಳೇ ಉತ್ತರವನ್ನೇ ಇಟ್ಟುಕೊಂಡು ಮತ್ತೆ ರಿಜೆಕ್ಟ್ ಮಾಡಬಹುದು. ಖಾತೆ ತೆಗೆಯುವ ಗುಂಡಿ ಕಾಣದಿದ್ದರೆ ಗ್ರಾಹಕ ಸೇವೆಗೆ ಬರೆದು ಮರುಪರಿಶೀಲನೆ ಕೇಳಿ. ತಿದ್ದುವ ಮೊದಲು ಸುಮ್ನೆ ಮತ್ತೆ ಮತ್ತೆ ಒತ್ತುತ್ತಾ ಹೋಗಬೇಡಿ. ಸಾಲುಸಾಲು ರಿಜೆಕ್ಟ್ ಆದರೆ ಖಾತೆ ತಾತ್ಕಾಲಿಕವಾಗಿ ತಡೆಯಾಗುವುದುಂಟು.

ನಮ್ಮ ಉದಾಹರಣೆಗೆ ಬರೋಣ. ಹೆಸರು ಸರಿಯಾಯಿತು, ₹8,400 ವಿತ್‌ಡ್ರಾ ಒತ್ತಿದರು, ಬಂದಿದ್ದು ₹7,380. ಇದು ಹೊಸ ದೋಷವಲ್ಲ. ಅದು ಆ ವರ್ಷದ ಮೊದಲ ವಿತ್‌ಡ್ರಾ, ವರ್ಷದ ಆರಂಭದಲ್ಲಿ ವಾಲೆಟ್ ಖಾಲಿ, ಆ ವರ್ಷ ಕಟ್ಟಿದ್ದು ₹5,000 ಎಂದಿಟ್ಟುಕೊಳ್ಳಿ. ನಿವ್ವಳ ಗೆಲುವು ₹3,400. ಅದರ ಶೇಕಡಾ 30 ಎಂದರೆ ₹1,020 ತೆರಿಗೆ ಹೋಯಿತು. ಅದು 26ASನಲ್ಲಿ ಬಂದಿದೆಯಾ ಎಂದು ಆಮೇಲೆ ನೋಡಿಕೊಳ್ಳಬೇಕು.

ಹಣ ಕಟ್ಟಿದರೆ ಹೆಸರು ಸರಿ ಮಾಡುತ್ತೇವೆ ಎಂದರೆ

ಇಲ್ಲಿಯವರೆಗೆ ಹೇಳಿದ್ದು ಭಾರತದಲ್ಲಿ ನೋಂದಾಯಿತವಾದ, ಪ್ಯಾನ್ ಕೇಳುವ, ಟಿಡಿಎಸ್ ಹಿಡಿಯುವ ಕಂಪನಿಗಳ ಮಾತು. ಟೆಲಿಗ್ರಾಂ, ವಾಟ್ಸ್ಆ್ಯಪ್ ಮೂಲಕ ಐಡಿ ಕೊಡುವ ವಿದೇಶಿ ಬೆಟ್ಟಿಂಗ್ ಸೈಟ್‌ಗಳ ಮಾತೇ ಬೇರೆ. ಅಲ್ಲೂ "ಹೆಸರು ತಾಳೆಯಾಗುತ್ತಿಲ್ಲ" ಎನ್ನುತ್ತಾರೆ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. ಹೆಸರು ಬದಲಿಸಲು ಶುಲ್ಕ ಕಟ್ಟಿ, ಅಥವಾ ತೆರಿಗೆಯನ್ನು ಮುಂಚೆಯೇ ಕಟ್ಟಿ, ಆಮೇಲೆ ಪೂರ್ತಿ ಹಣ ಬಿಡುಗಡೆ ಮಾಡುತ್ತೇವೆ.

ಇದು ಮೋಸ. ಗುರುತು ಹಿಡಿಯಲು ಒಂದೇ ವಿಷಯ ಸಾಕು. ಟಿಡಿಎಸ್ ಎಂದರೆ ಕೊಡುವ ಹಣದಿಂದಲೇ ಹಿಡಿದುಕೊಳ್ಳುವುದು. ನೀವು ಮುಂಚೆ ಕಟ್ಟುವಂಥದ್ದು ಏನೂ ಇರುವುದಿಲ್ಲ. ಹೆಸರು ತಾಳೆ ನೋಡುವುದಕ್ಕೂ ಗ್ರಾಹಕರು ದುಡ್ಡು ಕೊಡಬೇಕಿಲ್ಲ. ಒಮ್ಮೆ ಕಟ್ಟಿದರೆ ಮುಂದಿನ ವಾರ ಬೇರೆ ಕಾರಣ ಹುಟ್ಟುತ್ತದೆ. ಇನ್ನೊಂದು ಗುರುತು, ನೀವು ಹಣ ಹಾಕಿದಾಗ ಪ್ರತಿ ಸಲ ಬೇರೆ ಬೇರೆ ವ್ಯಕ್ತಿಗಳ ಯುಪಿಐ ಐಡಿಗೆ ಹಾಕಿಸಿಕೊಂಡಿರುತ್ತಾರೆ. ಅವು ಬಾಡಿಗೆಗೆ ತಂದ ಖಾತೆಗಳು. ಅಂಥ ಖಾತೆಯಿಂದ ನಿಮಗೆ ಹಣ ಬಂದರೂ ಅಪಾಯ. ಯಾರೋ ಮೋಸ ಹೋದವರು ದೂರು ಕೊಟ್ಟರೆ ಹಣ ಹರಿದ ಜಾಡು ಹಿಡಿದು ನಿಮ್ಮ ಖಾತೆಯೂ ಫ್ರೀಜ್ ಆಗಬಹುದು.

ಈಗಾಗಲೇ ಕಟ್ಟಿದ್ದರೆ ಇನ್ನು ಒಂದು ರೂಪಾಯಿಯನ್ನೂ ಕಟ್ಟಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, `cybercrime.gov.in`ನಲ್ಲಿ ದೂರು ಹಾಕಿ. ಹಣ ಇನ್ನೂ ಮುಂದಕ್ಕೆ ಹೋಗದೆ ಇದ್ದರೆ ತಡೆಹಿಡಿಯಲು ಸಾಧ್ಯ, ಆದ್ದರಿಂದ ತಡ ಮಾಡುವಂತಿಲ್ಲ. ಗೂಗಲ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಎಂದು ಹುಡುಕಿ ಸಿಕ್ಕ ಸಂಖ್ಯೆಗೆ ಕರೆ ಮಾಡುವುದೂ ಬೇಡ. ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುವವರು ಅಲ್ಲೇ ಕಾಯುತ್ತಿರುತ್ತಾರೆ. ಕಂಪನಿಯ ಆ್ಯಪ್ ಒಳಗಿರುವ ಸಹಾಯ ವಿಭಾಗದಿಂದಲೇ ಮಾತಾಡಿ.

ಎಲ್ಲ ಸರಿ ಇದ್ದೂ ಕೊಡದಿದ್ದರೆ

ಹೆಸರು ಹೊಂದುತ್ತಿದೆ, ಖಾತೆ ಚಾಲ್ತಿಯಲ್ಲಿದೆ, ಆದರೂ ರಿಜೆಕ್ಟ್ ಎಂದರೆ ಬರೆದು ಕೇಳಿ. ಚಾಟ್‌ನಲ್ಲಿ "ದುಡ್ಡು ಬಂದಿಲ್ಲ" ಎಂದು ಹತ್ತು ಸಲ ಬರೆಯುವುದಕ್ಕಿಂತ ಒಂದು ಸರಿಯಾದ ಇಮೇಲ್ ಮೇಲು. ರಿಜೆಕ್ಟ್ ಆದ ದಿನ, ಮೊತ್ತ, ವಹಿವಾಟು ಐಡಿ ಹಾಕಿ. ಪ್ಯಾನ್ ಪ್ರಕಾರ ಹೆಸರು, ಬ್ಯಾಂಕ್ ಪ್ರಕಾರ ಹೆಸರು ಎರಡನ್ನೂ ಬರೆಯಿರಿ. ಯುಪಿಐ ಸ್ಕ್ರೀನ್‌ಶಾಟ್, ಪಾಸ್‌ಬುಕ್ಕಿನ ಮೊದಲ ಪುಟ, ಅಫಿಡವಿಟ್ ಇದ್ದರೆ ಅದು, ಇಷ್ಟನ್ನು ಲಗತ್ತಿಸಿ. ಮುಖ್ಯವಾಗಿ ಎರಡು ಪ್ರಶ್ನೆ ಕೇಳಿ. ಬ್ಯಾಂಕಿನಿಂದ ನಿಮಗೆ ಯಾವ ಹೆಸರು ವಾಪಸ್ ಬಂತು? ಅದನ್ನು ಯಾವ ಹೆಸರಿನ ಜೊತೆ ಹೋಲಿಸಿದಿರಿ? ಇವಕ್ಕೆ ಉತ್ತರ ಕೊಡಬೇಕಾದರೆ ಯಾರಾದರೂ ಮನುಷ್ಯರು ಕಡತ ತೆರೆದು ನೋಡಲೇಬೇಕು. ಇನಿಷಿಯಲ್ ತೊಂದರೆ ಇರುವ ಎಷ್ಟೋ ಹೆಸರುಗಳು ಮನುಷ್ಯರ ಕಣ್ಣಿಗೆ ಬಿದ್ದ ಕೂಡಲೇ ಪಾಸಾಗುತ್ತವೆ.

ಉತ್ತರ ಬರದಿದ್ದರೆ ಆ್ಯಪ್‌ನಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸ ಹುಡುಕಿ ಅವರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ತಪ್ಪು ಬ್ಯಾಂಕಿನದ್ದಾದರೆ, ಅಂದರೆ ಹೆಸರು ತಿದ್ದಲು ಅರ್ಜಿ ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in`ನಲ್ಲಿ ದೂರು ಕೊಡಬಹುದು. ಅದಕ್ಕೆ ಬ್ಯಾಂಕಿಗೆ ಲಿಖಿತವಾಗಿ ಕೊಟ್ಟ ಪುರಾವೆ ಬೇಕು. ಹಾಗಾಗಿ ಬ್ರಾಂಚಿನಲ್ಲಿ ಅರ್ಜಿ ಕೊಟ್ಟ ದಿನವೇ ಅದರ ಜೆರಾಕ್ಸ್ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ಬನ್ನಿ.